ಎಂಟು ಅಕ್ಷರದೊಳಗೆ ತುಕಾರಾಮ

ಚಿಕ್ಕೋಡಿ ಕಡೆಯ ನಮ್ಮ ತವರೂರಿನಲ್ಲಿ ಒಂದು ಭಜನೆ ಮೇಳ ಇದೆ. ಪ್ರತಿ ಏಕಾದಶಿಗೆ ವಿಠ್ಠಲನ ಗುಡಿಯಲ್ಲಿ ಕೂಡುತ್ತಾರೆ, ಆಷಾಢದಲ್ಲಿ ದಿಂಡಿ ಕಟ್ಟಿಕೊಂಡು ಪಂಢರಪುರಕ್ಕೆ ನಡೆಯುತ್ತಾರೆ. ಹಾಡುವುದು ಬಹುತೇಕ ಮರಾಠಿ ಅಭಂಗ. ಹಳಬರಿಗೆ ಮರಾಠಿ ಮನೆಮಾತಿನಷ್ಟೇ ಸಲೀಸು. ಕನ್ನಡ ಸಾಲಿ ಕಲಿತ ಹುಡುಗರಿಗೆ ಹಾಗಲ್ಲ. ತಾಳ ಗೊತ್ತು, ರಾಗ ಗೊತ್ತು, ಅರ್ಥ ಮಾತ್ರ ಅರ್ಧಮರ್ಧ. ಹೋದ ವರ್ಷ ಅವರಲ್ಲೇ ಒಬ್ಬ ಹುಡುಗ ತುಕಾರಾಮರ ಒಂದು ಅಭಂಗವನ್ನು ಕನ್ನಡಕ್ಕೆ ತಂದ. ಮೇಳದ ಮೃದಂಗ ಬಾರಿಸುವ ಕಾಕಾ ಅದನ್ನು ನನ್ನ ಕೈಗಿಟ್ಟು, "ತಂಗೀ, ನೀ ಕನ್ನಡ ಕಲಿಸಾಕಿ, ನಿಮ್ಮವ್ವ ನಿಪ್ಪಾಣಿಯಾಕಿ. ಇದು ತುಕಾರಾಮ ಹೇಳಿದ್ದ ಹೌದೋ ಅಲ್ಲೋ ನೋಡಿಕೊಡು. ಆದ್ರ ಹಾಡಾಕ ಬರಬೇಕ ಮತ್ತ" ಅಂದರು.

ಎರಡೂ ಬೇಕು ಅಂದರೆ ಎಷ್ಟು ಕಷ್ಟ ಅಂತ ಆಗ ನನಗೆ ಗೊತ್ತಿರಲಿಲ್ಲ.

ಅಭಂಗ ಎಲ್ಲರಿಗೂ ಗೊತ್ತಿರುವಂಥದ್ದೇ. ದೇಹುವಿನ ತುಕಾರಾಮರು 17ನೇ ಶತಮಾನದಲ್ಲಿ ಹೇಳಿದ್ದು.

ಜೇ ಕಾ ರಂಜಲೇ ಗಾಂಜಲೇ | ತ್ಯಾಸಿ ಮ್ಹಣೇ ಜೋ ಆಪುಲೇ
ತೋಚಿ ಸಾಧು ಓಳಖಾವಾ | ದೇವ ತೇಥೇಚಿ ಜಾಣಾವಾ

ಮುಂದೆ ಇನ್ನೂ ನಾಲ್ಕು ಜೋಡಿ ಸಾಲುಗಳಿವೆ. ಹುಡುಗನ ಕನ್ನಡದಲ್ಲಿ ಈ ಮೊದಲ ಎರಡು ಹೀಗೆ ಬಂದಿದ್ದವು.

ದೀನ ಬಡಬಗ್ಗರಿಗೆ | ನೆರವಾದ ಮಾನವಗೆ
ಸಾಧುವೆಂದು ಕರೆಯೋಣ | ದೇವರಲ್ಲೇ ಅರಿಯೋಣ

ಓದಿದ ಕೂಡಲೇ ಖುಷಿಯಾಯಿತು. ಅಭಂಗದಲ್ಲಿ ಎರಡು ಬಗೆ ಇವೆ. ದೊಡ್ಡದರಲ್ಲಿ ಒಂದು ಸಾಲಿಗೆ ನಾಲ್ಕು ತುಂಡು, ಅಕ್ಷರಗಳು 6, 6, 6, 4. ಸಣ್ಣದರಲ್ಲಿ ಎರಡೇ ತುಂಡು, ಒಂದೊಂದಕ್ಕೆ 8 ಅಕ್ಷರ, ಎರಡರ ಕೊನೆಗೂ ಪ್ರಾಸ. ಇದು ಸಣ್ಣದು. ಜೇ-ಕಾ-ರಂ-ಜ-ಲೇ-ಗಾಂ-ಜ-ಲೇ, ಎಂಟು. ಹುಡುಗನದೂ ದೀ-ನ-ಬ-ಡ-ಬ-ಗ್ಗ-ರಿ-ಗೆ, ಎಂಟು. ನಾಲ್ಕೂ ತುಂಡು ಎಣಿಸಿದೆ, ಒಂದೂ ತಪ್ಪಿಲ್ಲ. ಪ್ರಾಸವೂ ಕೂತಿದೆ. ಕಾಕಾಗೆ "ಭಾಳ ಛಲೋ ಆಗೇದ" ಅಂತ ಫೋನ್ ಮಾಡಿಬಿಡೋಣ ಅನ್ನಿಸಿತು.

ಮಾಡಲಿಲ್ಲ, ಯಾಕಂದ್ರೆ ಪಕ್ಕದಲ್ಲಿ ಅವ್ವ ಕೂತಿದ್ದಳು. ಕನ್ನಡದ್ದನ್ನು ಓದಿ ಹೇಳಿದೆ. ಅವಳು ಅವರೆಕಾಯಿ ಬಿಡಿಸುತ್ತಾ, "ಛಂದ ಐತಿ. ಯಾರ ಹಾಡು?" ಅಂದಳು. ಸಣ್ಣವಳಿದ್ದಾಗಿನಿಂದ ಈ ಅಭಂಗ ಹಾಡಿದವಳು ಅವಳು. ಅವಳಿಗೇ ಗುರುತು ಹತ್ತಲಿಲ್ಲ!

ಆಮೇಲೆ ಕೆಲಸವನ್ನು ಸರಿಯಾಗಿ ಶುರು ಮಾಡಿದೆ. ಕನ್ನಡದ ಹಾಳೆಯನ್ನು ತಿರುವಿ ಹಾಕಿ, ಮರಾಠಿಯ ಒಂದೊಂದು ಪದಕ್ಕೂ ಅವ್ವನ ಹತ್ತಿರ ಅರ್ಥ ಕೇಳಿ ಬರೆದುಕೊಂಡೆ. ಪದ್ಯದಂತೆ ಅಲ್ಲ, ಒಣ ಅರ್ಥ. ಅನುವಾದ ಕಣ್ಣೆದುರಿಗೆ ಇದ್ದರೆ ಮೂಲವೂ ಅದನ್ನೇ ಹೇಳುತ್ತಿದೆ ಅಂತ ಅನ್ನಿಸಿಬಿಡುತ್ತದೆ. ಅದಕ್ಕೇ ಹಾಳೆ ತಿರುವಬೇಕು.

ಮೊದಲ ಪದದಲ್ಲೇ ಮರಾಠಿ ನಮಗೆ ಒಂದು ಬಲೆ ಹಾಕಿಟ್ಟಿದೆ. ಕನ್ನಡದ ಕಿವಿಗೆ ರಂಜಲೇ ಅಂದ್ರೆ ರಂಜಿಸು, ರಂಜನೆ, ಅಂದರೆ ಸಂತೋಷ. ಮರಾಠಿಯಲ್ಲಿ ಪೂರ್ತಿ ಉಲ್ಟಾ. ರಂಜಲೇ ಅಂದ್ರೆ ಸಂಕಟಕ್ಕೆ ಬಿದ್ದವರು, ಗಾಂಜಲೇ ಅಂದ್ರೆ ಕಾಟಕ್ಕೆ, ಪೀಡೆಗೆ ಸಿಕ್ಕವರು. ಹುಡುಗ ಈ ಬಲೆಗೆ ಬಿದ್ದಿರಲಿಲ್ಲ. ಆದರೆ ಅದರ ಪಕ್ಕದ ತಗ್ಗಿಗೆ ಬಿದ್ದಿದ್ದ. ಅವರನ್ನು ಬಡವರನ್ನಾಗಿ ಮಾಡಿದ್ದ. ತುಕಾರಾಮರು ಇಲ್ಲಿ ದುಡ್ಡಿನ ಮಾತೇ ಎತ್ತಿಲ್ಲ. ಹತ್ತು ಎಕರೆ ಕಬ್ಬು ಇದ್ದವನೂ ಮಗ ಸತ್ತ ದಿನ ರಂಜಲೇ ಗಾಂಜಲೇ.

ಆಮೇಲೆ ಮ್ಹಣೇ. ಅಂದರೆ ಅನ್ನುತ್ತಾನೆ. ಸಾಧು ಆದವನು ನೊಂದವರಿಗೆ ಏನು ಮಾಡುತ್ತಾನೆ? ಇವರು ನಮ್ಮವರು ಅನ್ನುತ್ತಾನೆ. ಅಷ್ಟೇ. ನೆರವು, ದಾನ, ಉಪಕಾರ ಯಾವುದೂ ಈ ಸಾಲಿನಲ್ಲಿ ಇಲ್ಲ. ನೆರವು ಕೊಡುವವ ಮೇಲೆ ನಿಂತಿರುತ್ತಾನೆ, ತಗೊಳ್ಳುವವ ಕೆಳಗೆ. ನಮ್ಮವರು ಅಂದವನು ಪಕ್ಕದಲ್ಲಿ ಕೂತಿರುತ್ತಾನೆ. ಹುಡುಗನ ಸಾಲು ಹಾಡಿದರೆ ಮೇಳದವರು ಪ್ರತಿ ಏಕಾದಶಿಗೂ ತುಕಾರಾಮರ ಹೆಸರಿನಲ್ಲಿ ಬೇರೆಯೇ ಪಾಠ ಹೇಳಿದ ಹಾಗೆ ಆಗುತ್ತದೆ. ದಾನ ಮಾಡಿರಪ್ಪಾ ಅನ್ನುವುದು ಕೆಟ್ಟ ಪಾಠ ಏನಲ್ಲ. ಆದರೆ ಇದು ಅದಲ್ಲ.

ಇನ್ನೊಂದು, ಎರಡು ಕಡೆ ಬರುವ "ಚಿ". ತೋಚಿ, ತೇಥೇಚಿ. ನಮ್ಮ ಏ ಇದ್ದಂಗೆ: ಅವನೇ, ಅಲ್ಲೇ. ಅವನನ್ನೂ ಸಾಧು ಅನ್ನಬಹುದು ಅಂತಲ್ಲ, ಸಾಧು ಅವನೇ. ಉಡುಗೆ, ಜಪಮಾಲೆ, ಗಡ್ಡ ನೋಡಬೇಡಿ, ಈ ಒಂದು ಗುರುತು ನೋಡಿ ಅನ್ನುವ ಸಿಟ್ಟು ಆ ಒಂದಕ್ಷರದಲ್ಲಿದೆ. ಹುಡುಗನ "ಸಾಧುವೆಂದು ಕರೆಯೋಣ" ಸನ್ಮಾನ ಸಮಾರಂಭದ ಹಾಗೆ ಕೇಳುತ್ತದೆ. ನಾವೇನೂ ಅವನಿಗೆ ಬಿರುದು ಕೊಡುತ್ತಿಲ್ಲ. ಅವನು ಆಗಲೇ ಸಾಧು. ನಮಗೆ ಗುರುತು ಹತ್ತಬೇಕು, ಅಷ್ಟೇ.

ನನ್ನ ಓದೇ ತಪ್ಪಿರಬಹುದು ಅಂತ ಇನ್ನೊಂದು ಪರೀಕ್ಷೆ ಮಾಡಿದೆ. ಬೆಳಗಾವಿಯಲ್ಲಿ ನಮ್ಮ ಓಣಿಯಲ್ಲೇ ಇರುವ ಒಬ್ಬ ಅಕ್ಕನಿಗೆ ಮರಾಠಿ ಗಂಧವಿಲ್ಲ, ಅವರು ಬಾಗಲಕೋಟೆ ಕಡೆಯವರು. ಅವರಿಗೆ ಹುಡುಗನ ನಾಲ್ಕು ತುಂಡು ಎರಡು ಸಲ ಓದಿ, ಹಾಳೆ ಮುಚ್ಚಿ, "ಏನ್ ತಿಳೀತ್ರೀ ಅಕ್ಕಾ, ನಿಮ್ಮ ಮಾತಿನ್ಯಾಗ ಹೇಳ್ರಿ" ಅಂದೆ. "ಬಡವರಿಗೆ ಸಹಾಯ ಮಾಡಿದ್ರ ಅವರು ಛಲೋ ಮನಷ್ಯಾರು, ದೇವರ ಒಳಗ ಅವರನ್ನ ಕಾಣಬೇಕು ಅಂತ" ಅಂದರು. ಸಹಾಯದ ವಿಷಯ ನಾನು ಅಂದುಕೊಂಡಂತೆಯೇ ಆಗಿತ್ತು. ಆದರೆ "ದೇವರ ಒಳಗ" ಅಂದಾಗ ನಾನು ಬೆಚ್ಚಿಬಿದ್ದೆ. ನನಗೆ ಅದು ಕಂಡೇ ಇರಲಿಲ್ಲ.

"ದೇವರಲ್ಲೇ" ಅನ್ನುವುದನ್ನು ಹುಡುಗ ದೇವರು + ಅಲ್ಲೇ ಅಂತ ಬರೆದಿದ್ದ. ನಾನೂ ಹಾಗೇ ಓದಿದ್ದೆ, ಯಾಕಂದ್ರೆ ಮೂಲ ನನ್ನ ತಲೆಯಲ್ಲಿತ್ತು. ತಲೆಯಲ್ಲಿ ಮೂಲ ಇಲ್ಲದವರಿಗೆ ಅದು ದೇವರ + ಅಲ್ಲಿ + ಏ. ಸಾಧುವಿನಲ್ಲಿ ದೇವರನ್ನು ಕಾಣಿರಿ ಅನ್ನುವ ಮಾತು ತಿರುವುಮುರುವಾಗಿ ದೇವರಲ್ಲಿ ಸಾಧುವನ್ನು ಕಾಣಿರಿ ಅಂತಾಗಿಬಿಟ್ಟಿತ್ತು. ಕನ್ನಡದ ಸಂಧಿ ಇದು. ಓದುವಾಗ ಪದ ಬಿಡಿಸಿ ಬರೆದು ತಪ್ಪಿಸಿಕೊಳ್ಳಬಹುದು, ಹಾಡುವಾಗ ಎಲ್ಲಾ ಕೂಡಿಯೇ ಕೇಳುತ್ತದೆ. ಹಾಡಿಗೆ ಪದಗಳ ನಡುವೆ ಜಾಗ ಇರುವುದಿಲ್ಲ, ಅಲ್ವಾ?

ಆಮೇಲೆ ಹುಡುಗನನ್ನು ಕರೆಸಿ ಇಬ್ಬರೂ ಕೂತೆವು. ಅವನಿಗೆ ಸ್ವಲ್ಪ ಬೇಜಾರಾಯಿತು. "ಅಕ್ಕಾ, ಎಂಟಕ್ಕ ಕೂಡಸೂದು ಎಷ್ಟು ತ್ರಾಸ ಗೊತ್ತೈತೇನು?" ಅಂದ. ಗೊತ್ತಿರಲಿಲ್ಲ, ಅವತ್ತು ಗೊತ್ತಾಯಿತು.

ಮೊದಲ ತುಂಡು ಸುಲಭವಾಗಿ ಸಿಕ್ಕಿತು. ರಂಜಲೇ ಗಾಂಜಲೇ ಒಂದೇ ಜಾತಿಯ ಜೋಡುಪದ, ಒಂದರ ಬೆನ್ನಿಗೆ ಇನ್ನೊಂದು. ಕನ್ನಡದಲ್ಲಿ ಅದಕ್ಕೆ ತೂಕಕ್ಕೆ ತೂಕ ನೊಂದು ಬೆಂದವರು ಇದೆ. ಅವನು "ನೊಂದು ಬೆಂದು ಬಂದವರ" ಅಂದ. ಎಂಟು ಸರಿ. ಆದರೆ ಬಂದವರು ಎಲ್ಲಿಂದ ಬಂದರು? ಮೂಲದಲ್ಲಿ ಅವರು ಎಲ್ಲಿಗೂ ಬಂದಿಲ್ಲ. ಹಾಗೆ ಹೇಳಿದರೆ ಸಾಧು ಮಠದಲ್ಲಿ ಕೂತಿದ್ದಾನೆ, ನೊಂದವರು ಅವನ ಬಾಗಿಲಿಗೆ ಬಂದಿದ್ದಾರೆ ಅನ್ನುವ ಚಿತ್ರ ಮೂಡುತ್ತದೆ. ಅಕ್ಷರ ತುಂಬಿಸಲು ಹಾಕುವ ಪದ ಖಾಲಿ ಇರುವುದಿಲ್ಲ, ಏನಾದರೊಂದು ಹೇಳಿಯೇ ಹೇಳುತ್ತದೆ. "ನೊಂದವರ ಬೆಂದವರ" ಅಂತ ಬಿಟ್ಟೆವು. ಅದೂ ಎಂಟೇ.

ಆಪುಲೇ ಅನ್ನುವುದಕ್ಕೆ ತನ್ನವರು, ನನ್ನವರು, ನಮ್ಮವರು ಮೂರನ್ನೂ ಹಾಡಿ ನೋಡಿದೆವು. ನನ್ನವರು ಅಂದ್ರೆ ಸ್ವಲ್ಪ ಹಕ್ಕು ಸಾಧಿಸಿದಂತಿದೆ. ತನ್ನವರು ಅಂದ್ರೆ ಯಾರೋ ದೂರದಿಂದ ವರದಿ ಹೇಳಿದಂತೆ. ನಮ್ಮವರು ಅಂದಾಗ ಹುಡುಗ ಥಟ್ಟನೆ "ಇವ ನಮ್ಮವ, ಇವ ನಮ್ಮವ" ಅಂದ. ನಮ್ಮ ಕಡೆ ಯಾರಿಗೆ ನೆನಪಾಗುವುದಿಲ್ಲ ಹೇಳಿ! ಬಸವನ ಬಾಗೇವಾಡಿ, ಕೂಡಲಸಂಗಮ ಇರುವ ಉತ್ತರ ಕರ್ನಾಟಕ ನಮ್ಮದು. ಅವನಿಗೆ ಹುರುಪು ಬಂದು ಎರಡನೇ ಸಾಲಿಗೂ ವಚನದ "ಇವನಾರವ" ತರೋಣ ಅಂದ. ಬೇಡ ಅಂದೆ. ಬಸವಣ್ಣನವರ ವಚನ ಒಂದು ಬೇಡಿಕೆ. ಇವನಾರವ ಅನ್ನಿಸಬೇಡಯ್ಯಾ, ಇವ ನಮ್ಮವ ಅನ್ನಿಸಯ್ಯಾ ಅಂತ ಕೂಡಲಸಂಗಮದೇವನ ಮುಂದೆ ನಿಂತು ತನಗಾಗಿ ಕೇಳಿಕೊಂಡದ್ದು. ತುಕಾರಾಮರದು ಬೇಡಿಕೆಯಲ್ಲ. ಊರ ಮಂದಿಯ ಕಡೆ ಮುಖ ಮಾಡಿ, ಸಾಧುವನ್ನು ಗುರುತಿಸುವ ಬಗೆ ಹೀಗೆ ಅಂತ ಹೇಳಿದ್ದು. ನಮ್ಮವ ಅನ್ನುವ ಒಂದು ಪದ ಎರಡಕ್ಕೂ ಸಲ್ಲುತ್ತದೆ. ಅದನ್ನು ಕೇಳಿದವರಿಗೆ ವಚನ ನೆನಪಾದರೆ ಆಗಲಿ, ಒಳ್ಳೆಯದೇ. ನಾವಾಗಿ ವಚನವನ್ನು ಎಳೆದು ತಂದು ಅಭಂಗದೊಳಗೆ ತುರುಕುವುದು ಬೇರೆ ಮಾತು.

"ನಮ್ಮವರು ಎಂಬ ನರ" ಅಂತ ಆಯಿತು. ನರ ಅನ್ನುವ ಪದ ನನಗೆ ಈಗಲೂ ಅಷ್ಟು ಸೇರಿಲ್ಲ. ಪ್ರಾಸಕ್ಕೆ ಬಂದು ಕೂತಿದೆ. ಆದರೆ ಅದು ಸುಳ್ಳು ಹೇಳುತ್ತಿಲ್ಲ, ಮೂಲದ ಜೋ, ಅಂದರೆ ಯಾವನು ಅನ್ನುವ ಪದದ ಜಾಗದಲ್ಲಿದೆ. ಎಂಬ ಅನ್ನುವುದನ್ನು ಮಾತ್ರ ಹಟ ಹಿಡಿದು ಉಳಿಸಿಕೊಂಡೆ. ಯಾಕೆ ಅಂತ ಕೊನೆಯ ಸಾಲಿಗೆ ಬಂದಾಗ ಹೇಳುತ್ತೇನೆ.

ಎರಡನೇ ಸಾಲಿಗೆ ಎರಡು ಸಂಜೆ ಹಿಡಿಯಿತು. ಅದು ಧ್ರುವಪದ. ತುಕಾರಾಮರ ಅಭಂಗಗಳ ಸಂಗ್ರಹವಾದ ಗಾಥೆಯಲ್ಲಿ ಅದರ ಎದುರಿಗೆ "ಧ್ರು" ಅಂತ ಗುರುತು ಹಾಕಿರುತ್ತಾರೆ. ಪ್ರತಿ ಜೋಡಿ ಸಾಲು ಆದ ಮೇಲೂ ಮೇಳ ಅದಕ್ಕೇ ಮರಳುತ್ತದೆ. ಮುಂದಿನವರು ಹೇಳಿದ್ದನ್ನು ಹಿಂದಿನವರು ತಿರುಗಿ ಹೇಳುತ್ತಾರೆ. ಒಂದು ಹಾಡಿನಲ್ಲಿ ಅದು ಹತ್ತು ಹನ್ನೆರಡು ಸಲವಾದರೂ ಬಂದೇ ಬರುತ್ತದೆ. ಬೇರೆ ಸಾಲಿನಲ್ಲಿ ಸಣ್ಣ ಕುಂದು ಇದ್ದರೆ ಹಾದುಹೋಗುತ್ತದೆ. ಇಲ್ಲಿದ್ದರೆ ಅದೇ ಬಾಯಿಪಾಠ.

ಮೂಲದಲ್ಲಿ ಎರಡು ಬೇರೆ ಕ್ರಿಯೆ ಇವೆ. ಸಾಧುವನ್ನು ಓಳಖಾವಾ, ಅಂದರೆ ಗುರುತಿಸಬೇಕು. ದೇವರನ್ನು ಜಾಣಾವಾ, ಅಂದರೆ ತಿಳಿಯಬೇಕು. ಗುರುತಿಸಬೇಕು ಅಂತ ಬರೆದರೆ ಅದೊಂದೇ ಆರು ಅಕ್ಷರ ತಿನ್ನುತ್ತದೆ. ಹುಡುಗ "ಅವನೇ ಸಾಧು ಗುರುತಿಸೋ" ಅಂದ. ಒಂಬತ್ತಾಯಿತು. ಒಂಬತ್ತು ಪಾಪವೇನಲ್ಲ. ತುಕಾರಾಮರೇ ಮುಂದೆ "ದಯಾ ಕರಣೇ ಜೇ ಪುತ್ರಾಸೀ" ಅಂತ ಒಂಬತ್ತು ಹಾಕಿದ್ದಾರೆ, ಎರಡು ಹಗುರ ಅಕ್ಷರ ಒಂದು ಮಾತ್ರೆಯಲ್ಲಿ ಓಡಿಬಿಡುತ್ತವೆ. ಹಾಗಾಗಿ ಗುಡಿಗೆ ಹೋಗಿ ಕಾಕಾ ಮುಂದೆ ಹಾಡಿ ನೋಡಿದೆವು. ಎಂಟು ಮಾತ್ರೆಯ ಭಜನಿ ಠೇಕಾ. ಹುಡುಗ ಎರಡನೇ ಸಲ ತಿರುಗಿ ಹೇಳುವಾಗಲೇ ಹಿಂದೆ ಕೂತಿದ್ದ ಮುದುಕರೊಬ್ಬರು ತಾಳ ನಿಲ್ಲಿಸಿ, "ಯಾವ ಗುರು?" ಅಂದರು. ಅವರಿಗೆ ಕೇಳಿದ್ದು "ಅವನೇ ಸಾಧುಗುರು... ತಿಸೋ." ಉಸಿರು ಅಲ್ಲೇ ಮುರಿಯುತ್ತಿತ್ತು!

ಅರಿಯೋ ಅಂತ ಹಾಕಿ ನೋಡಿದೆವು. ಅದರದು ಬೇರೆ ಕಾಟ. "ದೇವನ ಅರಿಯೋ" ಅನ್ನುವುದು ಹಾಡಿನಲ್ಲಿ ದೇವನರಿಯೋ ಆಗಿ, ಕೊನೆಯ ಸ್ವರ ಸವೆದು ದೇವನರಿಯ ಆಗುತ್ತದೆ. ಅರಿಯ ಅಂದ್ರೆ ತಿಳಿಯದವನು. ಹತ್ತು ಸಲ ದೇವರ ಗುಡಿಯಲ್ಲಿ ಕೂತು ದೇವನರಿಯ, ದೇವನರಿಯ ಅಂತ ಹಾಡುವುದು! ಕೊನೆಗೆ ಕಾಕಾ ಅವರೇ, "ಹಳೇ ಹಾಡಿನ್ಯಾಗ ಕಾಣಿರೋ ಅಂತಾರಲ್ಲ, ಅದನ್ನ ಹಾಕ್ರಿ" ಅಂದರು.

ಅವನೇ ಸಾಧು ತಿಳಿರೋ | ಅಲ್ಲೇ ದೇವರ ಕಾಣಿರೋ

ಕಾಣು ಅಂದ್ರೆ ನೋಡು ಅಲ್ವಾ, ಜಾಣಾವಾ ಅಂದ್ರೆ ತಿಳಿ ಅಲ್ವಾ ಅಂತ ನಾನು ತಕರಾರು ತೆಗೆದೆ. ಆದರೆ ಕನ್ನಡದ ಕಾಣು ಬರೀ ಕಣ್ಣಿನದಲ್ಲ. ಹಳೆಯ ಹಾಡು, ವಚನಗಳಲ್ಲಿ ಕಾಣಾ, ಕಾಣಿರೋ ಅಂದ್ರೆ ಗೊತ್ತಿರಲಿ, ತಿಳಿದುಕೊಳ್ಳಿರಿ ಅಂತಲೇ. ತಿಳಿ ಅನ್ನುವುದು ಸಾಧುವಿನ ಕಡೆ, ಕಾಣು ಅನ್ನುವುದು ದೇವರ ಕಡೆ ಬಂದಿವೆ. ಮರಾಠಿಯ ಜೋಡಿ ಅದಲು ಬದಲಾಗಿದೆ ಅನ್ನಬಹುದು. ಆದರೆ ಎರಡೂ ಬೇರೆ ಬೇರೆ ಪದವಾಗಿ ಉಳಿದಿವೆ, ಎರಡು ಏ-ಗಳೂ ಉಳಿದಿವೆ. ಅಲ್ಲೇ ಮೊದಲಿಗೆ ಬಂದದ್ದರಿಂದ ದೇವರ ಜೊತೆ ಅಂಟಿಕೊಳ್ಳುವ ಭಯವೂ ಹೋಯಿತು.

ಇದಕ್ಕಿಂತ ದೊಡ್ಡ ಲಾಭ ಹಾಡಿದಾಗ ಗೊತ್ತಾಯಿತು. ನಮ್ಮ ಮೇಳದ ಚಾಲಿನಲ್ಲಿ, ಅಂದರೆ ಹಾಡುವ ಧಾಟಿಯಲ್ಲಿ, ಧ್ರುವಪದದ ಮೂರನೇ ಅಕ್ಷರದ ಮೇಲೆ ಸ್ವಲ್ಪ ನಿಲ್ಲುತ್ತಾರೆ. ಅವನೇ ಅನ್ನುವುದರ ನೇ ಸರಿಯಾಗಿ ಅಲ್ಲೇ ಬಿದ್ದಿದೆ. ಎರಡನೇ ತುಂಡಿನಲ್ಲಿ ದೇವರ ಅನ್ನುವುದರ ದೇ. ಎರಡೂ ದೀರ್ಘ. ಹುಡುಗನ ಹಳೆಯ ಸಾಲಿನಲ್ಲಿ ಆ ಜಾಗದಲ್ಲಿ ದೇವರಲ್ಲೇ ಅನ್ನುವುದರ ರ ಇತ್ತು. ನಿಂತರೆ ದೇವರಾ... ಆಗುತ್ತಿತ್ತು.

ಅಕ್ಷರ ಎಣಿಸುವುದರಿಂದ ಮುಗಿಯುವುದಿಲ್ಲ ಅಂತ ನನಗೆ ತಿಳಿದದ್ದು ಇಲ್ಲಿ. ಅಭಂಗದ ಲೆಕ್ಕಕ್ಕೆ ಲಘು ಗುರು ಭೇದವಿಲ್ಲ, ಎಲ್ಲವೂ ಒಂದೊಂದೇ. ಸಣ್ಣ ಅಕ್ಷರವನ್ನು ಚಾಲಿಗೆ ತಕ್ಕಂತೆ ಎಳೆಯುತ್ತಾರೆ. ಮರಾಠಿಯಲ್ಲಿ ಅದು ಅಷ್ಟಾಗಿ ಕೆಡುವುದಿಲ್ಲ, ಇ-ಈ, ಉ-ಊ ಮಾತಿನಲ್ಲಿ ಹೇಗೂ ಹಿಂದುಮುಂದು ಆಗುತ್ತಿರುತ್ತವೆ. ಕನ್ನಡ ಹಾಗೆ ಬಿಡುವುದಿಲ್ಲ. ಕೊಡು ಅನ್ನುವುದನ್ನು ಎಳೆದರೆ ಕೋಡು, ಬಿಡು ಅನ್ನುವುದನ್ನು ಎಳೆದರೆ ಬೀಡು. ಒತ್ತಕ್ಷರ ಇನ್ನೂ ಮೊಂಡು. ಒತ್ತಿನ ಹಿಂದಿನ ಸಣ್ಣ ಸ್ವರವನ್ನು ಎಳೆಯಲು ಹೋದರೆ ಪದವೇ ಮುರಿಯುತ್ತದೆ. ಅದಕ್ಕೇ ಚಾಲು ಎಲ್ಲೆಲ್ಲಿ ನಿಲ್ಲುತ್ತದೆ ಅಂತ ಹಾಳೆಯ ಮೇಲೆ ಗೆರೆ ಹಾಕಿಕೊಂಡು, ಆ ಗೆರೆಯ ಕೆಳಗೆ ದೀರ್ಘ ಸ್ವರ ಬೀಳುತ್ತದೋ ಇಲ್ಲವೋ ನೋಡಬೇಕು.

ನಾಲ್ಕನೇ ಜೋಡಿಯಲ್ಲಿ ಇದೇ ಆಯಿತು. ಜ್ಯಾಸಿ ಆಪಂಗಿತಾ ನಾಹೀ, ತ್ಯಾಸಿ ಧರೀ ಜೋ ಹೃದಯೀ. ಯಾರಿಗೆ ಆಸರೆ ಕೊಟ್ಟು ನೋಡಿಕೊಳ್ಳುವವರು ಇಲ್ಲವೋ ಅವರನ್ನು ಎದೆಯಲ್ಲಿ ಹಿಡಿಯುವವನು. ಹುಡುಗ "ದಿಕ್ಕು ಇಲ್ಲದವನನು, ಎದೆಗವಚಿಕೊಂಬನು" ಅಂತ ಬರೆದಿದ್ದ. ಅರ್ಥಕ್ಕೆ ಇದಕ್ಕಿಂತ ಸರಿಯಾದ ಕನ್ನಡ ಇಲ್ಲ ಅಂತ ನಾನು ಟಿಕ್ ಹಾಕಿಬಿಟ್ಟಿದ್ದೆ. ಆದರೆ ಚಾಲು ಶುರುವಾಗುವುದೇ ಮೊದಲ ಎರಡು ಅಕ್ಷರ ಎಳೆದು. ದಿಕ್ಕು ಎಳೆದರೆ ದೀಕೂ ಆಯಿತು. ಹುಡುಗರು ನಕ್ಕರು. "ಯಾರೂ ಇಲ್ಲದವನನು" ಅಂತ ಮಾಡಿದರೆ ಎಳೆಯಲು ಬರುತ್ತಿತ್ತು, ಆದರೆ ಯಾರೂ ಇಲ್ಲದವ ಅಂದ್ರೆ ಒಬ್ಬಂಟಿ. ನೆಂಟರು ಊರು ತುಂಬ ಇದ್ದೂ ಕೇಳುವವರಿಲ್ಲದವರು ಎಷ್ಟು ಮಂದಿ ಇಲ್ಲ? ಆಪಂಗಿತಾ ಅಂದ್ರೆ ಆ ಕೇಳುವವನು. ನಾವು ಹೀಗೆ ತಡಕಾಡುತ್ತಿದ್ದಾಗ ಗುಡಿಯ ಕಟ್ಟೆ ಮೇಲೆ ಬತ್ತಿ ಹೊಸೆಯುತ್ತಿದ್ದ ಆಯಿ, "ನೋಡೋರಿಲ್ಲದಾಂವ ಅನ್ನಬಾರದೇನ?" ಅಂದರು. ನೋ-ಡೋ-ರಿ-ಲ್ಲ-ದ-ವ-ನ-ನು. ಎಂಟು. ಮೊದಲೆರಡೂ ದೀರ್ಘ. ಅರ್ಥವೂ ಕೂದಲೆಳೆಯಷ್ಟು ಆಚೀಚೆ ಇಲ್ಲ. ಎರಡು ಸಂಜೆ ನಿಘಂಟು ತಿರುವಿದ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು ಅನ್ನುವುದು ನಿಜ.

ಬೆಣ್ಣೆಯ ಸಾಲು ಬೇಗ ಮುಗಿಯಿತು. ಹುಡುಗ "ಬೆಣ್ಣೆಯಂತೆ ಮೃದುವಾದ, ಸಜ್ಜನರ ಮನ ನೋಡ" ಅಂದಿದ್ದ. ಮೂಲದ ಸಬಾಹ್ಯ ಬಿಟ್ಟುಹೋಗಿತ್ತು, ಅಂದರೆ ಒಳಗೂ ಹೊರಗೂ. ಮೇಲೆ ಮೆತ್ತಗಿದ್ದು ಒಳಗೆ ಗಟ್ಟಿ ಇರುವ ಹಣ್ಣುಗಳು ಬೇಕಾದಷ್ಟಿವೆ. ಬೆಣ್ಣೆಯನ್ನೇ ಹೇಳಿದ್ದು ಅದಕ್ಕೆ. "ಒಳಹೊರಗೂ ಬೆಣ್ಣೆ ಮೆತ್ತ, ಹಾಗೆ ಸಜ್ಜನರ ಚಿತ್ತ" ಅಂತ ಮಾಡಿದೆವು. ಮೊದಲ ತುಂಡು ಒಂಬತ್ತು ಅಕ್ಷರ. ತುಕಾರಾಮರ "ಮೃದು ಸಬಾಹ್ಯ ನವನೀತ" ಕೂಡ ಒಂಬತ್ತೇ, ಹಾಗಾಗಿ ಚಾಲಿನಲ್ಲಿ ಆ ಓಟ ಮೊದಲೇ ಇತ್ತು.

ಐದನೇ ಜೋಡಿಯಲ್ಲಿ ಇರುವ ಬಲೆಯನ್ನು ಮಾತ್ರ ನಾನೂ ಹುಡುಗನೂ ಇಬ್ಬರೂ ನೋಡಿರಲಿಲ್ಲ. ದಯಾ ಕರಣೇ ಜೇ ಪುತ್ರಾಸೀ, ತೇಚಿ ದಾಸಾ ಆಣಿ ದಾಸೀ. ಮಗನಿಗೆ ತೋರುವ ದಯೆಯನ್ನೇ ದಾಸ ದಾಸಿಯರಿಗೂ ತೋರುವುದು. ಹುಡುಗ "ಮಗನಿಗೆ ತೋರೋ ದಯೆ, ದಾಸದಾಸಿಯರಿಗದೆ" ಅಂತ ಪದವನ್ನೇ ಎತ್ತಿಟ್ಟಿದ್ದ. ಎರಡೂ ಭಾಷೆಯಲ್ಲಿ ಇರುವ ಪದ, ಎಂಟು ಅಕ್ಷರ, ಇನ್ನೇನು ಬೇಕು? ಓಣಿಯ ಅಕ್ಕನಿಗೆ ಇಡೀ ಹಾಡು ಕೇಳಿಸಿ ಅರ್ಥ ಕೇಳಿದಾಗ ಅವರು, "ಮಗನ್ನ ನೋಡಿದಂಗ ಹರಿದಾಸರನ್ನ ನೋಡ್ಕೋಬೇಕು, ಉಣಿಸಿ ತಿನಿಸಿ ಕಳಸಬೇಕು ಅಂತ" ಅಂದರು. ತಪ್ಪು ಅವರದಲ್ಲ. ಭಜನೆಯಲ್ಲಿ ದಾಸ ಅಂದ ಕೂಡಲೇ ಕನ್ನಡದವರಿಗೆ ಕಣ್ಣ ಮುಂದೆ ಬರುವುದು ತಂಬೂರಿ ಹಿಡಿದ ಪುರಂದರದಾಸರು. ಸಾಧುವಿನ ಮನೆಯ ಕಸ ಬಳಿಯುವವಳಲ್ಲ. ತುಕಾರಾಮರ ಮಾತಿನ ಚೂಪು ಇರುವುದೇ ಅಲ್ಲಿ. ನೊಂದವರನ್ನು ನಮ್ಮವರು ಅನ್ನುವುದನ್ನು ಅವರು ಮನೆಯ ಹಿತ್ತಿಲ ತನಕ ತಂದು ನಿಲ್ಲಿಸುತ್ತಾರೆ. ಅದು ಹೋಗಿ ದಾಸರಿಗೆ ಊಟ ಹಾಕುವುದಾಗಿಬಿಟ್ಟಿತ್ತು.

ತೊತ್ತು ಅನ್ನುವ ಹಳೆಯ ಪದ ಇದೆ. ಆದರೆ ಅದು ಈಗ ಬೈಗುಳ. ಗುಡಿಯಲ್ಲಿ ಬಾಯಿಗೆ ಬರುವುದಿಲ್ಲ. ಸೇವಕ ಸೇವಕಿ ಅಂದ್ರೆ ನಾಟಕದ ಅರಮನೆ. ಆಳುಮಕ್ಕಳು ಅಂದರೆ ಮಗನ ಜೊತೆ ಚೆನ್ನಾಗಿ ಹೊಂದುತ್ತಿತ್ತು, ಆದರೆ ನಮ್ಮ ಕಡೆ ಆಳುಮಗ ಅಂದ್ರೆ ಗಂಡಸು, ದಾಸೀ ಬಿಟ್ಟುಹೋಗುತ್ತಾಳೆ. ಹೊಲದಲ್ಲಿ ದಿನಾ ಆಡುವ ಮಾತು ಯಾವುದು ಅಂತ ಯೋಚಿಸಿದೆವು. "ಎಷ್ಟ ಆಳು ಬಂದಾವ?" "ನಾಕ ಗಂಡಾಳು, ಎಂಟ ಹೆಣ್ಣಾಳು." ಹುಡುಗ ಬೆರಳೆಣಿಸಿದ. ಗಂ-ಡಾ-ಳು-ಹೆ-ಣ್ಣಾ-ಳಿ-ಗ-ದೆ.

ಮಗನಿಗೆ ತೋರೋ ದಯೆ | ಗಂಡಾಳು ಹೆಣ್ಣಾಳಿಗದೆ

ಪ್ರಾಸ ಅಷ್ಟಕ್ಕಷ್ಟೇ. ದಿನಗೂಲಿಯ ಆಳಿಗೂ ಆ ಕಾಲದ ಮನೆಯ ದಾಸನಿಗೂ ವ್ಯತ್ಯಾಸ ಇದೆ ಅನ್ನುವುದೂ ನಿಜ. ಆದರೂ ಕೇಳಿದವರ ಕಣ್ಣಿಗೆ ಸರಿಯಾದ ಮನುಷ್ಯರು ಬರುತ್ತಾರೆ.

ಕೊನೆಯ ಜೋಡಿಗೆ ಹುಡುಗ ಬಹಳ ಪ್ರೀತಿಯಿಂದ ಪ್ರಾಸ ಕೂಡಿಸಿದ್ದ. "ತುಕಾ ನುಡಿದೆಷ್ಟು ಸರ್ತಿ, ಅವನಲ್ಲೇ ದೇವಮೂರ್ತಿ." ಮೂಲ: ತುಕಾ ಮ್ಹಣೇ ಸಾಂಗೂ ಕಿತೀ, ತೋಚಿ ಭಗವಂತಾಚೀ ಮೂರ್ತಿ. ಸಾಂಗೂ ಕಿತೀ ಅಂದ್ರೆ ಎಷ್ಟು ಅಂತ ಹೇಳಲಿ, ಹೇಳಿ ಮುಗಿಯುವಂಥದ್ದಲ್ಲ ಅಂತ. ಎಷ್ಟು ಸರ್ತಿ ಹೇಳೋದು ಅಂದ್ರೆ ಮಾಸ್ತರು ಹುಡುಗರಿಗೆ ಬೈದಂತೆ. ಮನಸ್ಸು ತುಂಬಿ ಬಂದ ಮಾತು ರೇಗಿದ ಮಾತಾಗಿತ್ತು. ಇನ್ನು ತೋಚಿ, ಅವನೇ ಮೂರ್ತಿ. ಅವನಲ್ಲೇ ಅಂದರೆ ಮೂರ್ತಿ ಅವನೊಳಗೆ ಎಲ್ಲೋ ಇದೆ ಅಂತಾಗುತ್ತದೆ. ಅಷ್ಟು ಮೆತ್ತಗೆ ಹೇಳುವವರಲ್ಲ ತುಕಾರಾಮರು.

ಮತ್ತೆ ಆ ಮ್ಹಣೇ. ಮೊದಲ ಸಾಲಿನಲ್ಲಿ ಸಾಧು ಮ್ಹಣೇ, ಕೊನೆಯ ಸಾಲಿನಲ್ಲಿ ತುಕಾ ಮ್ಹಣೇ. ಒಂದೇ ಪದ. ಬೇಕೆಂದೇ ಇಟ್ಟಿದ್ದು ಅಂತ ನಾನು ಹೇಳಲಾರೆ, ತುಕಾ ಮ್ಹಣೇ ಅವರ ಅಂಕಿತದಂತೆ ಬರುತ್ತಲೇ ಇರುತ್ತದೆ. ಆದರೆ ಈ ಅಭಂಗದಲ್ಲಿ ಅವೆರಡೂ ಒಂದನ್ನೊಂದು ನೋಡುತ್ತಿವೆ. ಕನ್ನಡದಲ್ಲೂ ನೋಡಲಿ ಅಂತ ಅಲ್ಲಿ ಎಂಬ, ಇಲ್ಲಿ ಎಂದ. "ತುಕಾ ಎಂದ ಎಷ್ಟು ಹೇಳ್ಲಿ, ಅವನೇ ದೇವರ ಮೂರ್ತಿ." ಸರ್ತಿ-ಮೂರ್ತಿಯ ಪ್ರಾಸ ಹೋಯಿತು, ಬರೀ ಕೊನೆಯ ಇ ಉಳಿಯಿತು. ಹುಡುಗನಿಗೆ ಅದೊಂದು ಬೇಜಾರು ಹೋಗಿಲ್ಲ.

ಆಷಾಢಕ್ಕೆ ಮುಂಚೆ ಒಂದು ರಾತ್ರಿ ಗುಡಿಯಲ್ಲಿ ಪೂರ್ತಿ ಹಾಡಿದರು. ಯಾರ ಕೈಗೂ ಹಾಳೆ ಕೊಡಲಿಲ್ಲ, ಕಿವಿಗೆ ಬಿದ್ದದ್ದೇ ಲೆಕ್ಕ. ಗಂಡಾಳು ಹೆಣ್ಣಾಳಿಗದೆ ಅನ್ನುವ ಸಾಲು ಬಂದಾಗ ಹಿಂದಿನ ಸಾಲಿನ ಹೆಣ್ಣುಮಕ್ಕಳಲ್ಲಿ ಪಿಸುಪಿಸು ಶುರುವಾಯಿತು. ಹಾಡು ಮುಗಿದ ಮೇಲೆ ಒಬ್ಬಳು ಸೆರಗು ಬಾಯಿಗೆ ಅಡ್ಡ ಹಿಡಿದು, "ಅಕ್ಕಾರ, ಗಂಡಾಳಿಗೂ ಹೆಣ್ಣಾಳಿಗೂ ಪಗಾರ ಒಂದ ಅಂತ ತುಕಾರಾಮ ಹೇಳ್ಯಾರೇನ್ರೀ?" ಅಂತ ಕೇಳಿದಳು. ಎಲ್ಲರೂ ನಕ್ಕರು. ಹೊಲ ಇದ್ದ ನಾಲ್ಕೈದು ಮಂದಿ ಮಾತ್ರ ನಗಲಿಲ್ಲ.

ನಾನು ಹಾಳೆ ತೆಗೆದು ಆ ಸಾಲು ಮತ್ತೆ ಓದಿದೆ. ಹಾಗೂ ಕೇಳುತ್ತದೆ, ಹೌದು. ತಿದ್ದಲೇನು ಅಂತ ಕಾಕಾ ಮುಖ ನೋಡಿದೆ. ಅವರು ಮೃದಂಗಕ್ಕೆ ಗವಸು ಹಾಕುತ್ತಾ, "ಈಗ ಬಾಯಿಗೆ ಕೂತೈತಿ, ಇರ್ಲಿ ಬಿಡು" ಅಂದರು.